ಎಎನ್ಎ 1:320, ಫೈನ್ ಸ್ಪೆಕಲ್ಡ್: ಕೀಲುನೋವು ಇದ್ದರೆ ಇದು ಲೂಪಸ್ಸೇನಾ?

ಪ್ರಶ್ನೆ: ಡಾಕ್ಟರ್, ನನಗೆ 27 ವರ್ಷ. ನಾಲ್ಕು ತಿಂಗಳಿಂದ ಬೆರಳು, ಮಣಿಕಟ್ಟು, ಮೊಣಕಾಲು ನೋವು. ಊತ ಕಂಡಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಬಿಗಿ ಇರುತ್ತೆ, ಸಂಜೆಗೆ ನೋವು ಜಾಸ್ತಿ. ತುಂಬಾ ಸುಸ್ತು, ಕೂದಲೂ ಉದುರುತ್ತಿದೆ. ಎಎನ್ಎ ಪಾಸಿಟಿವ್ ಬಂದಿದೆ: 1:320, ಫೈನ್ ಸ್ಪೆಕಲ್ಡ್, 2+. ಹಿಮೋಗ್ಲೋಬಿನ್ 9.8, ಬಿಳಿ ರಕ್ತಕಣ 6,800, ಪ್ಲೇಟ್‌ಲೆಟ್ 2.9 ಲಕ್ಷ, ಇಎಸ್ಆರ್ 34, ಸಿಆರ್‌ಪಿ ನಾರ್ಮಲ್, ಆರ್ಎ ಫ್ಯಾಕ್ಟರ್ ನೆಗೆಟಿವ್. ಲೂಪಸ್ ಇರಬಹುದು ಅಂತ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಇದು ಲೂಪಸ್ಸಾ? ವರ್ಷದೊಳಗೆ ಮದುವೆ ಇದೆ, ಅದಕ್ಕೇ ಭಯ.

ಉತ್ತರ: ಮಾತ್ರೆ ಸದ್ಯಕ್ಕೆ ಶುರು ಮಾಡಬೇಡಿ. ಲೂಪಸ್ ಅಂದರೆ ಮೈಯ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ನೀವು ಬರೆದಿರುವುದರಲ್ಲಿ ಲೂಪಸ್ ಎಂದು ಹೇಳುವಂಥದ್ದು ಎಎನ್ಎ ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಮತ್ತು ಎಎನ್ಎ ಒಂದರಿಂದಲೇ ಲೂಪಸ್ ಆಗುವುದಿಲ್ಲ. ಹಾಗಂತ ಇಲ್ಲವೇ ಇಲ್ಲ ಅಂತಲೂ ಈಗಲೇ ಹೇಳಲಾರೆ. ಯಾಕೆಂದರೆ ಮಾಡಿಸಲೇಬೇಕಾದ ಒಂದು ಪರೀಕ್ಷೆ ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದು ಮೂತ್ರದ್ದು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ 1:320 ಏನು ಅಂತ ನೋಡೋಣ. ಲ್ಯಾಬಿನಲ್ಲಿ ನಿಮ್ಮ ರಕ್ತದ ಸೀರಮ್ಮನ್ನು ಹೆಪ್-2 ಎಂಬ ಮನುಷ್ಯ ಜೀವಕೋಶಗಳಿರುವ ಗಾಜಿನ ಸ್ಲೈಡ್ ಮೇಲೆ ಹಾಕುತ್ತಾರೆ. ಜೀವಕೋಶದ ನ್ಯೂಕ್ಲಿಯಸ್ಸಿಗೆ ಅಂಟಿಕೊಳ್ಳುವ ಆಂಟಿಬಾಡಿ, ಅಂದರೆ ಎಎನ್ಎ, ನಿಮ್ಮಲ್ಲಿದ್ದರೆ ಅದು ಅಲ್ಲಿ ಅಂಟುತ್ತದೆ. ಅದರ ಮೇಲೆ ಹಸಿರಾಗಿ ಹೊಳೆಯುವ ಬಣ್ಣ ಹಾಕಿ ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹೊಳೆದರೆ ಪಾಸಿಟಿವ್. ಆಮೇಲೆ ಸೀರಮ್ಮನ್ನು ಇನ್ನಷ್ಟು ತೆಳು ಮಾಡುತ್ತಾ ಹೋಗುತ್ತಾರೆ: 80 ಪಟ್ಟು, 160 ಪಟ್ಟು, 320 ಪಟ್ಟು. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋಗಿ ಎಲ್ಲಿಯವರೆಗೆ ಉಪ್ಪಿನ ರುಚಿ ಸಿಗುತ್ತದೆ ಅಂತ ನೋಡಿದ ಹಾಗೆ. ಹೊಳಪು ಕಂಡ ಕೊನೆಯ ಹಂತವೇ ನಿಮ್ಮ ಟೈಟರ್. ಆದ್ದರಿಂದ 1:320 ಎಂದರೆ 1:160ಕ್ಕಿಂತ ಹೆಚ್ಚು, ಕಡಿಮೆ ಅಲ್ಲ. ಇದನ್ನು ಭಿನ್ನರಾಶಿಯಂತೆ ಓದಿ ತಲೆಕೆಡಿಸಿಕೊಂಡವರು ಸುಮಾರು ಜನ ಇದ್ದಾರೆ. 2+ ಅನ್ನುವುದು ಹೊಳಪು ಎಷ್ಟು ಜೋರಾಗಿದೆ ಅನ್ನುವ ಅಂದಾಜು, ಅಷ್ಟೇ.

ಅಂದಾಜು ಅಂದೆ, ಯಾಕೆಂದರೆ ಕೊನೆಗೆ ಇದನ್ನು ಓದುವುದು ಮನುಷ್ಯರ ಕಣ್ಣು. ಒಂದು ಲ್ಯಾಬಿನಲ್ಲಿ 1:160 ಬಂದದ್ದು ಇನ್ನೊಂದರಲ್ಲಿ 1:320 ಆಗುವುದು ತೀರಾ ಸಾಮಾನ್ಯ. ಒಂದು ಹಂತದ ವ್ಯತ್ಯಾಸವನ್ನು ನಾವು ವ್ಯತ್ಯಾಸ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವು ಲ್ಯಾಬ್‌ಗಳು 1:100, 1:320, 1:1000 ಎಂಬ ಬೇರೆ ಮೆಟ್ಟಿಲುಗಳನ್ನೇ ಬಳಸುತ್ತವೆ. ಇನ್ನು ಕೆಲವು ಕಡೆ ಎಲೈಸಾ ವಿಧಾನದಲ್ಲಿ ಮಾಡಿ ಬರೀ ಒಂದು ಸಂಖ್ಯೆ ಕೊಡುತ್ತಾರೆ, ಅದರಲ್ಲಿ ಟೈಟರೂ ಇಲ್ಲ, ಪ್ಯಾಟರ್ನೂ ಇಲ್ಲ. ನಿಮ್ಮದು ಸ್ಲೈಡಿನ ಮೇಲೆ ಮಾಡಿದ್ದು, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಈಗ ಮುಖ್ಯ ವಿಷಯ. ಆರೋಗ್ಯವಾಗಿರುವವರಲ್ಲೂ ಎಎನ್ಎ ಪಾಸಿಟಿವ್ ಬರುತ್ತದೆ. 1997ರಲ್ಲಿ ಬೇರೆ ಬೇರೆ ದೇಶಗಳ ಲ್ಯಾಬ್‌ಗಳು ಸೇರಿ 20ರಿಂದ 60 ವರ್ಷದ ಆರೋಗ್ಯವಂತರ ರಕ್ತ ಪರೀಕ್ಷಿಸಿದ್ದವು. 1:40ರಲ್ಲಿ ನೂರಕ್ಕೆ ಸುಮಾರು 32 ಜನ, 1:80ರಲ್ಲಿ 13 ಜನ, 1:160ರಲ್ಲಿ 5 ಜನ, 1:320ರಲ್ಲಿ 3 ಜನ ಪಾಸಿಟಿವ್. ಯಾವ ಕಾಯಿಲೆಯೂ ಇಲ್ಲದವರು ಇವರು.

ನೂರಕ್ಕೆ ಮೂರು ಅಂದರೆ ಕಡಿಮೆಯಾಯಿತಲ್ಲ, ಹಾಗಾದರೆ ನನಗೆ ಕಾಯಿಲೆ ಇರುವ ಸಾಧ್ಯತೆ 97 ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಎಲ್ಲರೂ ಎಡವುವ ಜಾಗ ಇದೇ. ಒಂದು ಲೆಕ್ಕ ಮಾಡೋಣ. ನಿಮ್ಮ ವಯಸ್ಸಿನ ಒಂದು ಲಕ್ಷ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳಿ. ಅವರಲ್ಲಿ ಲೂಪಸ್ ಇರುವವರು 100 ಜನ ಅಂತ ಇಟ್ಟುಕೊಳ್ಳೋಣ. ಲೆಕ್ಕಕ್ಕೆ ಬೇಕೆಂದೇ ಧಾರಾಳವಾಗಿ ಹಿಡಿದಿದ್ದೇನೆ. ಈ ನೂರೂ ಜನಕ್ಕೆ 1:320 ಪಾಸಿಟಿವ್ ಬಂತು ಅಂತಲೇ ಇಟ್ಟುಕೊಳ್ಳಿ. ಉಳಿದ 99,900 ಜನರಲ್ಲಿ ನೂರಕ್ಕೆ ಮೂರರ ಹಾಗೆ ಸುಮಾರು 3,000 ಜನಕ್ಕೂ ಅದೇ ರಿಪೋರ್ಟ್ ಬರುತ್ತದೆ. ಅಂದರೆ 1:320 ಎಂಬ ಚೀಟಿ ಹಿಡಿದು ನಿಂತ 3,100 ಜನರಲ್ಲಿ ಲೂಪಸ್ ಇರುವುದು ನೂರು ಜನಕ್ಕೆ ಮಾತ್ರ. ಉಳಿದ ಮೂರು ಸಾವಿರ ಜನರಲ್ಲೂ ಬೇಕಾದಷ್ಟು ಮಂದಿಗೆ ಸುಸ್ತು, ಮೈಕೈ ನೋವು, ಕೂದಲು ಉದುರುವುದು ಇದ್ದೇ ಇರುತ್ತದೆ, ಈ ಮೂರೂ ನಮ್ಮ ಹೆಣ್ಣುಮಕ್ಕಳಲ್ಲಿ ಅಷ್ಟು ಸಾಮಾನ್ಯ.

ಹಾಗಾದರೆ ಆ ನೂರು ಜನರನ್ನು ಗುರುತಿಸುವುದು ಹೇಗೆ? ಎಎನ್ಎ ಮತ್ತೆ ಮಾಡಿಸಿ ಅಲ್ಲ. ಕೀಲು, ಚರ್ಮ, ರಕ್ತಕಣ, ಮೂತ್ರ ನೋಡಿ.

ಅದಕ್ಕೂ ಮುಂಚೆ ಪ್ಯಾಟರ್ನ್ ಬಗ್ಗೆ ಸ್ವಲ್ಪ. ಫೈನ್ ಸ್ಪೆಕಲ್ಡ್ ಎಂದರೆ ನ್ಯೂಕ್ಲಿಯಸ್ ತುಂಬಾ ಸಣ್ಣ ಸಣ್ಣ ಚುಕ್ಕೆ ಹೊಳೆದಿದೆ ಅಂತ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಎಸಿ-4 ಎಂಬ ಸಂಖ್ಯೆ, ಕೆಲವು ರಿಪೋರ್ಟ್‌ಗಳಲ್ಲಿ ಅದನ್ನೂ ಹಾಕಿರುತ್ತಾರೆ. ಎಲ್ಲಾ ಪ್ಯಾಟರ್ನ್‌ಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವುದೂ ಇದೇ, ಕಾಯಿಲೆಯ ಬಗ್ಗೆ ಖಚಿತವಾಗಿ ಏನನ್ನೂ ಹೇಳದಿರುವುದೂ ಇದೇ. ಲೂಪಸ್, ಕಣ್ಣು ಬಾಯಿ ಒಣಗುವ ಶೋಗ್ರೆನ್ ಕಾಯಿಲೆಗಳಲ್ಲಿ ಬರುತ್ತದೆ, ಥೈರಾಯ್ಡ್ ತೊಂದರೆಯಲ್ಲಿ ಬರುತ್ತದೆ, ವೈರಲ್ ಜ್ವರದ ನಂತರ ಕೆಲವು ಕಾಲ ಬರುತ್ತದೆ, ಏನೂ ಇಲ್ಲದವರಲ್ಲೂ ಬರುತ್ತದೆ. ಇದೇ ಜಾಗದಲ್ಲಿ ಸೆಂಟ್ರೋಮಿಯರ್ ಅಂತ ಬಂದಿದ್ದರೆ ನಾನು ಬೇರೆ ಪ್ರಶ್ನೆಗಳನ್ನು ಕೇಳುತ್ತಿದ್ದೆ: ತಣ್ಣೀರಿನಲ್ಲಿ ಕೈ ಇಟ್ಟರೆ ಬೆರಳು ಬಿಳುಚಿಕೊಂಡು ಆಮೇಲೆ ನೀಲಿಯಾಗುತ್ತದೆಯೇ, ಬೆರಳಿನ ಚರ್ಮ ಬಿಗಿಯಾಗಿದೆಯೇ ಅಂತ. ಅದು ಸ್ಕ್ಲೀರೋಡರ್ಮಾ ಕಡೆಗೆ ಬೆರಳು ತೋರಿಸುವ ಪ್ಯಾಟರ್ನ್.

ಇನ್ನೊಂದಿದೆ, ಡೆನ್ಸ್ ಫೈನ್ ಸ್ಪೆಕಲ್ಡ್, ಎಸಿ-2. ಡಿಎಫ್ಎಸ್-70 ಎಂಬ ಆಂಟಿಬಾಡಿಯಿಂದ ಬರುವುದು. ಬೇರೆ ಯಾವ ಆಂಟಿಬಾಡಿಯೂ ಇಲ್ಲದೆ ಇದೊಂದೇ ಇದ್ದರೆ ಲೂಪಸ್ಸಿನಂಥ ಕಾಯಿಲೆ ಇರುವ ಸಾಧ್ಯತೆ ಬಹಳ ಕಡಿಮೆ, ಟೈಟರ್ ಎಷ್ಟೇ ಜಾಸ್ತಿ ಇರಲಿ. ಇದರ ತಮಾಷೆ ಏನೆಂದರೆ ಅವಸರದಲ್ಲಿ ಸ್ಲೈಡ್ ನೋಡಿದವರು ಇದನ್ನೂ ಸುಮ್ನೆ ಸ್ಪೆಕಲ್ಡ್ ಅಂತ ಬರೆದುಬಿಡುತ್ತಾರೆ. ವ್ಯತ್ಯಾಸ ತಿಳಿಯಬೇಕಾದರೆ ವಿಭಜನೆಯಾಗುತ್ತಿರುವ ಜೀವಕೋಶವನ್ನು ಹುಡುಕಿ ನೋಡಬೇಕು. ಸಾಧಾರಣ ಫೈನ್ ಸ್ಪೆಕಲ್ಡ್‌ನಲ್ಲಿ ಅದರ ಕ್ರೋಮೋಸೋಮ್ ಪಟ್ಟಿ ಹೊಳೆಯದೆ ಕಪ್ಪಾಗಿರುತ್ತದೆ, ಡೆನ್ಸ್ ಆದರೆ ಹೊಳೆಯುತ್ತದೆ. ಒಳ್ಳೆಯ ಲ್ಯಾಬ್ ಆದರೆ ಸ್ಲೈಡನ್ನು ಮತ್ತೊಮ್ಮೆ ನೋಡಿ ಹೇಳಿ ಎಂದು ನಿಮ್ಮ ಡಾಕ್ಟರ್ ಫೋನ್ ಮಾಡಿ ಕೇಳಬಹುದು, ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಿಮ್ಮ ಕೀಲುಗಳು. ನಾನು ಎಎನ್ಎಗಿಂತ ಹೆಚ್ಚು ಬೆಲೆ ಕೊಡುವುದು ನಿಮ್ಮ ಪತ್ರದ ಎರಡು ಮಾತುಗಳಿಗೆ: ಬೆಳಿಗ್ಗೆ ಬಿಗಿ ಹತ್ತೇ ನಿಮಿಷ, ನೋವು ಸಂಜೆಗೆ ಜಾಸ್ತಿ. ಉರಿಯೂತದ ಕೀಲುನೋವು ಇದರ ಉಲ್ಟಾ ಇರುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ, ಹಲ್ಲುಜ್ಜುವ ಬ್ರಷ್ ಹಿಡಿಯಲು ಕಷ್ಟ, ಅರ್ಧ ಗಂಟೆ ಒಂದು ಗಂಟೆ ಆದ ಮೇಲೆ, ಕೈಗೆ ಕೆಲಸ ಸಿಕ್ಕ ಮೇಲೆ, ನಿಧಾನವಾಗಿ ಸಡಿಲವಾಗುತ್ತದೆ. ಆದರೆ ಒಂದು ಎಚ್ಚರಿಕೆ. ಊತ ಕಂಡಿಲ್ಲ ಅಂತ ನೀವು ಹೇಳುವುದು ಬೇರೆ, ಡಾಕ್ಟರ್ ಒಂದೊಂದೇ ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳುವುದು ಬೇರೆ. ಲೂಪಸ್ಸಿನ ಕೀಲುಗಳಲ್ಲಿ ನೋವು ಬಹಳ, ಊತ ಕಣ್ಣಿಗೆ ಕಾಣುವುದು ಕಡಿಮೆ. ಮುಷ್ಟಿ ಕಟ್ಟಿದಾಗ ಗೆಣ್ಣುಗಳ ನಡುವಿನ ತಗ್ಗು ಮಾಯವಾಗಿದೆಯೇ, ಉಂಗುರ ಬೆಳಿಗ್ಗೆ ಬಿಗಿಯಾಗುತ್ತಿದೆಯೇ, ಯಾರಾದರೂ ಕೈ ಕುಲುಕಿ ಗಟ್ಟಿಯಾಗಿ ಹಿಡಿದರೆ ಜೀವ ಹೋದ ಹಾಗಾಗುತ್ತದೆಯೇ, ಇಷ್ಟನ್ನು ಗಮನಿಸಿ. ಯಾರಾದರೂ ನಿಮ್ಮ ಕೈ ಮುಟ್ಟಿ ನೋಡಿದ್ದಾರಾ? ನೀವು ಬರೆದಿಲ್ಲ. ನೋಡಿರದಿದ್ದರೆ ಮುಂದಿನ ಸಲ ನೀವೇ ಕೈ ಚಾಚಿ ಕೇಳಿ.

ಕೂದಲಿನ ವಿಷಯ. ಲೂಪಸ್ಸಿನಲ್ಲಿ ಕೂದಲು ಉದುರುತ್ತದೆ ನಿಜ. ಆದರೆ ಹಿಮೋಗ್ಲೋಬಿನ್ 9.8 ಇರುವ ಯಾವ ಹೆಣ್ಣುಮಗಳಿಗೂ ಕೂದಲು ಉದುರಬಹುದು. ಉರಿಯೂತ ಇದ್ದರೆ ಏರುವ ನಿಮ್ಮ ಇಎಸ್ಆರ್ 34ನ್ನೂ ಇದೇ ಜೊತೆಗೆ ಇಟ್ಟು ನೋಡಬೇಕು. ನಿಮ್ಮ ವಯಸ್ಸಿಗೆ ಅದು ಹೆಚ್ಚೆಂದರೆ 18ರ ಆಸುಪಾಸು ಇರಬೇಕಿತ್ತು (ಹೆಂಗಸರಲ್ಲಿ ವಯಸ್ಸಿಗೆ 10 ಕೂಡಿಸಿ ಎರಡರಿಂದ ಭಾಗಿಸುವ ಹಳೇ ಸೂತ್ರ), ಆದರೆ ರಕ್ತ ಕಡಿಮೆಯಿದ್ದರೆ ಅದೊಂದೇ ಕಾರಣಕ್ಕೆ ಇಎಸ್ಆರ್ ಏರುತ್ತದೆ. ಉರಿಯೂತದ ಇನ್ನೊಂದು ಅಳತೆಯಾದ ಸಿಆರ್‌ಪಿ ನಾರ್ಮಲ್ ಇದೆ ಅಂತ ಪೂರ್ತಿ ನಿರಾಳವಾಗುವಂತಿಲ್ಲ, ಲೂಪಸ್ಸಿನಲ್ಲಿ ಇಎಸ್ಆರ್ ಏರಿ ಸಿಆರ್‌ಪಿ ನಾರ್ಮಲ್ ಉಳಿಯುವುದು ನಾವು ಆಗಾಗ ನೋಡುವ ಜೋಡಿ. ಇದನ್ನು ಬಿಡಿಸುವುದು ಕಷ್ಟವಲ್ಲ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ ನೋಡಿ, ಕೆಂಪು ರಕ್ತಕಣದ ಗಾತ್ರ ತೋರಿಸುವ ಎಂಸಿವಿ ನೋಡಿ. ಕಬ್ಬಿಣದ ಅಂಶ ಕಡಿಮೆ ಇದ್ದರೆ ಎರಡೂ ಕೆಳಗಿರುತ್ತವೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದೆಯೇ ಅಂತ ಯಾರೂ ನಿಮ್ಮನ್ನು ಕೇಳಿರಲಿಕ್ಕಿಲ್ಲ, ನಾನು ಕೇಳುತ್ತಿದ್ದೇನೆ.

ಇದರ ಜೊತೆಗೆ ಟಿಎಸ್ಎಚ್ ಖಂಡಿತ ಆಗಬೇಕು. ಸುಸ್ತು, ಕೀಲುನೋವು, ಕೂದಲು ಉದುರುವುದು, ರಕ್ತಹೀನತೆ, ಇವೆಲ್ಲ ಥೈರಾಯ್ಡ್ ಕಡಿಮೆಯಾದರೂ ಬರುತ್ತವೆ. ಸಾಲದ್ದಕ್ಕೆ ಹಾಶಿಮೋಟೊ ಥೈರಾಯ್ಡ್ ಕಾಯಿಲೆ ಇರುವವರಲ್ಲಿ ಎಎನ್ಎ ಪಾಸಿಟಿವ್ ಬರುವುದು ಮಾಮೂಲಿ. ನಿಮ್ಮ ಇಡೀ ಕತೆಗೆ ಒಂದೇ ಉತ್ತರ ಅದೇ ಆಗಿರಬಹುದು. ನಾಲ್ಕು ತಿಂಗಳ ಹಿಂದೆ ಜ್ವರ, ಮೈಮೇಲೆ ಗಂಧೆ ಬಂದು ನೋವು ಶುರುವಾಯಿತೇ ಅಂತಲೂ ನೆನಪು ಮಾಡಿಕೊಳ್ಳಿ. ಚಿಕೂನ್‌ಗುನ್ಯ ಆದವರಿಗೆ ತಿಂಗಳುಗಟ್ಟಲೆ ಕೀಲು ಹಿಡಿದುಕೊಳ್ಳುವುದು ಕರ್ನಾಟಕದವರಿಗೆ ಹೊಸದಲ್ಲ, 2006ರಲ್ಲಿ ಇಡೀ ಊರುಗಳೇ ಅನುಭವಿಸಿವೆ.

ಈಗ ಮೂತ್ರ. ಲೂಪಸ್ಸಿನಲ್ಲಿ ನಮಗೆ ಹೆಚ್ಚು ಭಯ ಮೂತ್ರಪಿಂಡದ ಬಗ್ಗೆ, ಕೀಲಿನ ಬಗ್ಗೆ ಅಲ್ಲ. ಕಿಡ್ನಿಗೆ ಹತ್ತಿದಾಗ ನೋವೇ ಇರುವುದಿಲ್ಲ. ಕಾಲು ಊದಿಕೊಂಡು, ಬಿ.ಪಿ. ಏರಿ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಅದನ್ನು ಮೊದಲೇ ಹಿಡಿಯುವುದು ಸಣ್ಣ ಊರಿನ ಲ್ಯಾಬಿನಲ್ಲೂ ಆಗುವ, ಎಎನ್ಎಗಿಂತ ಎಷ್ಟೋ ಅಗ್ಗದ, ಸಾಧಾರಣ ಮೂತ್ರ ಪರೀಕ್ಷೆ. ಪ್ರೋಟೀನ್ ಇದೆಯೇ, ಕೆಂಪು ರಕ್ತಕಣ ಇದೆಯೇ ನೋಡಬೇಕು. ಪ್ರೋಟೀನ್ ಕಂಡರೆ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಬೇಕು, 0.5 ದಾಟಿದರೆ ಅದು ಕಿಡ್ನಿ ತಜ್ಞರವರೆಗೆ ಹೋಗುವ ವಿಷಯ. ಮುಟ್ಟಿನ ದಿನಗಳಲ್ಲಿ ಮಾತ್ರ ಕೊಡಬೇಡಿ. ಆ ರಕ್ತ ಬೆರೆತು ರಿಪೋರ್ಟ್ ಸುಳ್ಳು ಹೇಳುತ್ತದೆ, ಮತ್ತೆ ಒಂದು ವಾರ ನಿದ್ದೆ ಇಲ್ಲ. ಬೆಳಗಿನ ಮೊದಲ ಮೂತ್ರ, ಮಧ್ಯದ ಧಾರೆ, ತಕ್ಷಣ ಲ್ಯಾಬಿಗೆ. ಬಿ.ಪಿ. ಮತ್ತು ಕ್ರಿಯಾಟಿನಿನ್ ಕೂಡ ಅದೇ ದಿನ ಆಗಲಿ.

ಲೂಪಸ್ ರೋಗಿಗಳನ್ನು ವರ್ಗೀಕರಿಸಲು 2019ರಲ್ಲಿ ಯುರೋಪ್ ಮತ್ತು ಅಮೆರಿಕದ ಸಂಧಿವಾತ ತಜ್ಞರ ಸಂಘಗಳು ಸೇರಿ ಒಂದು ಅಂಕಪಟ್ಟಿ ಮಾಡಿವೆ. ಅದು ಸಂಶೋಧನೆಗಾಗಿ ಮಾಡಿದ್ದು, ಅದನ್ನೇ ಹಿಡಿದು ಕಾಯಿಲೆ ನಿರ್ಧರಿಸುವುದಿಲ್ಲ, ಆದರೆ ನಾವು ಹೇಗೆ ಯೋಚಿಸುತ್ತೇವೆ ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಎಎನ್ಎ 1:80 ಅಥವಾ ಮೇಲೆ ಇದ್ದರೆ ಒಳಗೆ ಬರಲು ಅವಕಾಶ, ಅಷ್ಟೇ. ಅದಕ್ಕೆ ಅಂಕ ಸೊನ್ನೆ. 1:320 ಆದರೂ ಸೊನ್ನೆ, 1:1280 ಆದರೂ ಸೊನ್ನೆ. ಕನಿಷ್ಠ 10 ಅಂಕ ಬೇಕು, ಅದರಲ್ಲಿ ಒಂದಾದರೂ ರೋಗಿಯ ಮೈಯಲ್ಲಿ ಕಂಡದ್ದಾಗಿರಬೇಕು.

ನಿಮ್ಮ ಅಂಕ ಹಾಕೋಣ. ಕೀಲಿಗೆ 6 ಅಂಕ ಇದೆ, ಆದರೆ ಎರಡಾದರೂ ಕೀಲು ಊದಿರಬೇಕು, ಇಲ್ಲವೇ ಎರಡು ಕೀಲು ಮುಟ್ಟಿದರೆ ನೋಯುವುದರ ಜೊತೆಗೆ ಬೆಳಿಗ್ಗೆ ಅರ್ಧ ಗಂಟೆಯಾದರೂ ಬಿಗಿ ಇರಬೇಕು. ನಿಮಗೆ ಎರಡೂ ಇಲ್ಲ, ಸೊನ್ನೆ. ಕೂದಲಿಗೆ 2 ಅಂಕ, ಅದೂ ಪರೀಕ್ಷೆಯಲ್ಲಿ ಡಾಕ್ಟರ್ ಕಣ್ಣಿಗೆ ಕಂಡರೆ, ಮತ್ತು ರಕ್ತಹೀನತೆ ಥೈರಾಯ್ಡ್ ಥರದ ಬೇರೆ ಕಾರಣ ಹೆಚ್ಚು ಹೊಂದುವಂತಿದ್ದರೆ ಲೆಕ್ಕಕ್ಕಿಲ್ಲ. ಬಿಳಿ ರಕ್ತಕಣ 4,000ಕ್ಕಿಂತ ಕೆಳಗಿದ್ದರೆ 3, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದರೆ 4, ನಿಮ್ಮದು ಎರಡೂ ಚೆನ್ನಾಗಿವೆ. ಸುಸ್ತಿಗೆ ಅಂಕವೇ ಇಲ್ಲ. ಒಟ್ಟು ಸೊನ್ನೆ, ಬಹಳ ಎಂದರೆ ಎರಡು.

ಇದೇ ವಯಸ್ಸು, ಇದೇ 1:320 ಫೈನ್ ಸ್ಪೆಕಲ್ಡ್ ಹಿಡಿದು ಇನ್ನೊಬ್ಬ ಹುಡುಗಿ ಬಂದಳು ಅಂದುಕೊಳ್ಳಿ. ಎರಡೂ ಮಣಿಕಟ್ಟು ಊದಿವೆ, ಬೆಳಿಗ್ಗೆ ಒಂದು ಗಂಟೆ ಕೈ ಮಡಚಲಾಗದು, ಬಿಳಿ ರಕ್ತಕಣ 3,200, ಮೂತ್ರದಲ್ಲಿ ದಿನಕ್ಕೆ ಅರ್ಧ ಗ್ರಾಂಗಿಂತ ಹೆಚ್ಚು ಪ್ರೋಟೀನ್. ಆರು, ಮೂರು, ನಾಲ್ಕು, ಒಟ್ಟು ಹದಿಮೂರು. ಅವಳನ್ನು ನಾನು ಆ ವಾರವೇ ದಾಖಲು ಮಾಡಿಸಿ ಕಿಡ್ನಿ ಬಯಾಪ್ಸಿಯ ಮಾತಾಡುತ್ತೇನೆ. ಎಎನ್ಎ ಚೀಟಿ ಇಬ್ಬರದೂ ಒಂದೇ.

ಲೂಪಸ್ಸಿಗೆ ಹೆಚ್ಚು ನಿರ್ದಿಷ್ಟವಾದ ಆಂಟಿ-ಡಿಎಸ್‌ಡಿಎನ್ಎ ಆಂಟಿಬಾಡಿ, ಲೂಪಸ್ ಜೋರಾದಾಗ ಇಳಿಯುವ ಸಿ3, ಸಿ4 ಪ್ರೋಟೀನ್, ಇವುಗಳ ಪರೀಕ್ಷೆ ಮಾಡಿಸಬೇಕೇ ಅಂದರೆ, ನಿಮಗೆ ಒಂದು ಸಲ ಮಾಡಿಸಿ ಅನ್ನುತ್ತೇನೆ. 1:320 ಇದೆ, ನೋವು ನಾಲ್ಕು ತಿಂಗಳಿದೆ, ಅಷ್ಟು ಅನುಮಾನಕ್ಕೆ ಜಾಗ ಕೊಡಬಹುದು. ಎಎನ್ಎ ಪ್ರೊಫೈಲ್ ಅಥವಾ ಬ್ಲಾಟ್ ಎಂಬ ದುಬಾರಿ ಪರೀಕ್ಷೆಯನ್ನು ಸಾಧಾರಣವಾಗಿ ನಿಮ್ಮಂಥವರಿಗೆ ನಾನು ಬರೆಯುವುದಿಲ್ಲ. ಅದರಲ್ಲಿ ಒಂದೊಂದು ಆಂಟಿಬಾಡಿಗೆ ಒಂದೊಂದರಂತೆ ಹದಿನೈದು ಇಪ್ಪತ್ತು ಪಟ್ಟಿ ಇರುತ್ತವೆ, ಯಾವುದಾದರೂ ಒಂದು ಮಂದವಾಗಿ ಒಂದು ಪ್ಲಸ್ ಅಂತ ಬರುತ್ತದೆ, ಅದನ್ನು ಹಿಡಿದು ಜನ ಇಂಟರ್‌ನೆಟ್ ಜಾಲಾಡಿ ಇನ್ನೊಂದು ಹೊಸ ಕಾಯಿಲೆ ತಂದುಕೊಳ್ಳುತ್ತಾರೆ. ಆದರೆ ನಿಮ್ಮ ವಿಷಯದಲ್ಲಿ ಮದುವೆ, ಮಗು ಅನ್ನುವುದು ಇದೆ. ಫೈನ್ ಸ್ಪೆಕಲ್ಡ್‌ನ ಹಿಂದೆ ಇರಬಹುದಾದ ಆಂಟಿಬಾಡಿಗಳಲ್ಲಿ ಒಂದು ಎಸ್ಎಸ್-ಎ, ರೋ ಎಂದೂ ಹೇಳುತ್ತಾರೆ. ಅದು ತಾಯಿಗೆ ಏನೂ ತೊಂದರೆ ಕೊಡದೆ ಇರಬಹುದು, ಆದರೆ ಮಾಸನ್ನು ದಾಟಿ ಮಗುವಿನ ಎದೆಬಡಿತದ ದಾರಿಯನ್ನು ಕೆಡಿಸಬಲ್ಲದು. ರೋ ಪಾಸಿಟಿವ್ ಇರುವ ತಾಯಂದಿರಲ್ಲಿ ನೂರಕ್ಕೆ ಒಂದೆರಡು ಮಗುವಿಗೆ ಹೀಗಾಗುತ್ತದೆ, ಉಳಿದವಕ್ಕೆ ಆಗುವುದಿಲ್ಲ. ಗೊತ್ತಿದ್ದರೆ ಸುಮಾರು 16ರಿಂದ 26ನೇ ವಾರದ ನಡುವೆ ಮಗುವಿನ ಹೃದಯವನ್ನು ಸ್ಕ್ಯಾನಿನಲ್ಲಿ ಗಮನಿಸಬಹುದು, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವ ವಿಚಾರ ಮಾಡಬಹುದು. ಆದ್ದರಿಂದ ಈ ಒಂದನ್ನು ಒಂದೇ ಸಲ ಮಾಡಿಸಿಕೊಂಡು, ಉತ್ತರವನ್ನು ಮುಂದೆ ನೋಡುವ ಹೆರಿಗೆ ಡಾಕ್ಟರ್‌ಗೆ ಹೇಳಿ. ಇದಕ್ಕಾಗಿ ಮದುವೆ ಮುಂದೂಡುವ ಪ್ರಶ್ನೆ ಇಲ್ಲ. ಹುಡುಗನ ಮನೆಯವರಿಗೆ ಕಾಯಿಲೆ ಇದೆ ಅಂತ ಹೇಳಬೇಕಾ ಅನ್ನುವ ಯೋಚನೆ ನಿಮ್ಮ ಮನೆಯಲ್ಲಿ ಶುರುವಾಗಿದ್ದರೆ, ಪಾಸಿಟಿವ್ ಎಎನ್ಎ ಕಾಯಿಲೆಯ ಹೆಸರಲ್ಲ.

ಸ್ಟೀರಾಯ್ಡ್ ಯಾಕೆ ಬೇಡ ಅಂದೆ ಅಂದರೆ, ಅದು ಎಲ್ಲರಿಗೂ ಹಿತ ಕೊಡುತ್ತದೆ. ಲೂಪಸ್ ಇದ್ದವರಿಗೂ, ಚಿಕೂನ್‌ಗುನ್ಯ ನೋವಿಗೂ, ಸುಮ್ನೆ ಸುಸ್ತಾದವರಿಗೂ. ಎರಡು ವಾರಕ್ಕೆ ನೀವು ಓಡಾಡುತ್ತೀರಿ, ಅದನ್ನೇ ನೋಡಿ ಲೂಪಸ್ಸೇ ಇರಬೇಕು ಅಂತ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಇದ್ದ ಅಲ್ಪಸ್ವಲ್ಪ ಊತವೂ ಇಳಿದಿರುತ್ತದೆ, ಮಾತ್ರೆ ಬಿಟ್ಟರೆ ನೋವು ಮರಳುತ್ತದೆ, ಆಮೇಲೆ ನಮ್ಮ ಹತ್ತಿರ ಬಂದರೆ ನಮಗೂ ಬಿಡಿಸಿ ಹೇಳುವುದು ಕಷ್ಟ. ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕು. ಕ್ರಿಯಾಟಿನಿನ್ ಮತ್ತು ಮೂತ್ರದ ರಿಪೋರ್ಟ್ ಬರುವ ತನಕ ಜೋರು ನೋವಿನ ಮಾತ್ರೆಗಳೂ ಬೇಡ.

ಎಲ್ಲವೂ ನಾರ್ಮಲ್ ಬಂದರೆ ಎಎನ್ಎ ಮತ್ತೆ ಮಾಡಿಸಬೇಡಿ. ಟೈಟರ್ ಏರಿತು ಇಳಿಯಿತು ಅನ್ನುವುದರಿಂದ ಕಾಯಿಲೆ ಏರಿತು ಇಳಿಯಿತು ಎಂದು ತಿಳಿಯುವುದಿಲ್ಲ. ಮುಂದೆ ಲೂಪಸ್ ಬರಬಹುದಾ ಅಂತ ಕೇಳುತ್ತೀರಿ, ಗೊತ್ತು. ಅಮೆರಿಕದ ಸೇನೆಯವರ ಕೂಡಿಟ್ಟ ರಕ್ತದ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಲೂಪಸ್ ಬಂದ 130 ಜನರಲ್ಲಿ 115 ಜನರ ಹಳೆಯ ರಕ್ತದಲ್ಲಿ ಕಾಯಿಲೆ ಗೊತ್ತಾಗುವ ಮೊದಲೇ ಏನಾದರೊಂದು ಆಂಟಿಬಾಡಿ ಇತ್ತು, ಕೆಲವರಲ್ಲಿ ಒಂಬತ್ತು ವರ್ಷಗಳ ಮೊದಲೇ. ಇದನ್ನು ಓದಿ ಹೆದರುವವರು ಅದು ಕಾಯಿಲೆ ಬಂದವರಿಂದ ಹಿಂದಕ್ಕೆ ನೋಡಿದ್ದು ಎಂಬುದನ್ನು ಮರೆಯುತ್ತಾರೆ. ಎಎನ್ಎ ಪಾಸಿಟಿವ್ ಇರುವವರಿಂದ ಮುಂದಕ್ಕೆ ನೋಡಿದರೆ ಬಹುಪಾಲು ಜನಕ್ಕೆ ಏನೂ ಆಗುವುದಿಲ್ಲ. ಆರು ತಿಂಗಳಿಗೆ ಒಮ್ಮೆ ಬಿ.ಪಿ., ಮೂತ್ರ, ರಕ್ತಕಣ ನೋಡಿಸಿ, ಒಂದೆರಡು ವರ್ಷ. ಆಮೇಲೆ ಅದೂ ಬೇಡ.

ಆದರೆ ಕೆಲವು ಲಕ್ಷಣಗಳಿಗೆ ಆರು ತಿಂಗಳು ಕಾಯಬಾರದು. ಕೀಲು ಎದ್ದು ಕಾಣುವಂತೆ ಊದಿದರೆ, ಬಿಸಿಲಿಗೆ ಹೋದ ಮೇಲೆ ಕೆನ್ನೆ ಮೂಗಿನ ಮೇಲೆ ಕೆಂಪು ದದ್ದು ಎದ್ದರೆ (ಕಂದು ಬಣ್ಣದ ಬಂಗು ಅಲ್ಲ, ಅದು ಬೇರೆ), ಅಂಗುಳಲ್ಲಿ ನೋವಿಲ್ಲದ ಹುಣ್ಣು ಕಂಡರೆ, ಕಾರಣವಿಲ್ಲದ ಜ್ವರ ಬಿಡದಿದ್ದರೆ, ಆ ವಾರವೇ ಸಂಧಿವಾತ ತಜ್ಞರನ್ನು ಕಾಣಿ. ಮೂತ್ರ ನೊರೆ ನೊರೆಯಾಗಿ ಕಾಲು ಊದಿದರೆ, ಉಸಿರು ಎಳೆದಾಗ ಎದೆ ಚುಚ್ಚಿದರೆ, ಫಿಟ್ಸ್ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ.

ಈ ವಾರ ಮಾಡಿಸಬೇಕಾದ್ದು ಮೂತ್ರ, ಬಿ.ಪಿ., ಕ್ರಿಯಾಟಿನಿನ್, ಟಿಎಸ್ಎಚ್, ಫೆರಿಟಿನ್. ಡಿಎಸ್‌ಡಿಎನ್ಎ, ಸಿ3, ಸಿ4, ರೋ ಇವನ್ನು ತಜ್ಞರು ಕೈ ಮುಟ್ಟಿ ನೋಡಿದ ಮೇಲೆ ಮಾಡಿಸಿದರೂ ನಡೆಯುತ್ತದೆ. ರಿಪೋರ್ಟ್ ಬಂದ ಮೇಲೆ ಬರೆಯಿರಿ, ಮುಖ್ಯವಾಗಿ ಮೂತ್ರದ್ದು ಮತ್ತು ಟಿಎಸ್ಎಚ್.